14 ವರ್ಷದ ಮಗಳು ಅನ್ನ ಬಿಟ್ಟಿದ್ದಾಳೆ, ಮನೆಮಂದಿಗೆಲ್ಲ ತಾನೇ ಅಡುಗೆ ಮಾಡಿ ಬಡಿಸುತ್ತಾಳೆ

ಪ್ರಶ್ನೆ: ಒಬ್ಬ ತಾಯಿ, ದಾವಣಗೆರೆ

ಮಗಳಿಗೆ 14, ಒಂಬತ್ತನೇ ಕ್ಲಾಸು. ಕಳೆದ ಜೂನ್‌ನಲ್ಲಿ 47 ಕೆಜಿ ಇದ್ದಳು, ಈ ಏಪ್ರಿಲ್‌ನಲ್ಲಿ 40. ಮೊದಲು ಸಿಹಿ ಬಿಟ್ಟಳು, ಆಮೇಲೆ ಎಣ್ಣೆ, ಈಗ ಅನ್ನವೂ ಇಲ್ಲ. ರಾತ್ರಿಗೆ ಒಂದು ಪುಲ್ಕಾ, ಸೌತೆಕಾಯಿ. ಕೇಳಿದರೆ "ಹೊಟ್ಟೆ ತುಂಬಿದೆ, ಗ್ಯಾಸ್" ಅಂತಾಳೆ. ಎಂಡೋಸ್ಕೋಪಿ, ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಈ ಬಿಸಿಲಲ್ಲೂ ಸ್ವೆಟರ್ ಹಾಕ್ತಾಳೆ. ತಮ್ಮನಿಗೆ ಮಾತ್ರ ಯೂಟ್ಯೂಬ್ ನೋಡಿ ಕೇಕು, ಪನೀರು ಮಾಡಿ ಬಡಿಸ್ತಾಳೆ. ದಿನಾ ರಾತ್ರಿ ಊಟದ ಹೊತ್ತಿಗೆ ಇವರ ಕೂಗಾಟ, ಅತ್ತೆಯ ಅಳು. ಇದು ವಯಸ್ಸಿನ ಹಟವಾ, ಕಾಯಿಲೆಯಾ? ಊಟಕ್ಕೆ ಕೂತಾಗ ನಾವು ಹೇಗಿರಬೇಕು?

ಮಕ್ಕಳ ಮನೋವೈದ್ಯೆ

ಇವತ್ತೇ ಆಗಬೇಕಾದ ಕೆಲಸ ಮೊದಲು. ಅವಳನ್ನು ಐದು ನಿಮಿಷ ಸುಮ್ಮನೆ ಮಲಗಿಸಿ, ಮುಂಗೈ ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಹಗಲಲ್ಲಿ, ಎಚ್ಚರವಾಗಿರುವಾಗ 50ಕ್ಕಿಂತ ಕಡಿಮೆ ಬಂದರೆ ನಾಳೆಗೆ ಮುಂದೂಡಬೇಡಿ, ಆಸ್ಪತ್ರೆಗೆ ಹೋಗಿ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುವುದು, ಎಚ್ಚರ ತಪ್ಪುವುದು, ಎದೆ ನೋವು, ಇವಿದ್ದರೂ ಅಷ್ಟೇ. ನಾಡಿ ಸರಿ ಇದ್ದರೂ ಈ ವಾರದೊಳಗೆ ಇಸಿಜಿ ಆಗಲಿ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಫಾಸ್ಫರಸ್ ನೋಡಿಸಿ. ರಿಪೋರ್ಟ್ ನಾರ್ಮಲ್ ಅಂದ ಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ. ತೀರಾ ಸೊರಗಿದ ಮಕ್ಕಳಲ್ಲೂ ರಕ್ತ ಬಹಳ ದಿನ ಸರಿಯಾಗಿಯೇ ಕಾಣಿಸುತ್ತದೆ.

ನೀವು ಬರೆದದ್ದನ್ನು ಓದಿದರೆ ನನಗೆ ಇದು ಅನೊರೆಕ್ಸಿಯಾ, ಅಂದರೆ ತಿನ್ನಲು ಹೆದರಿ ಊಟ ಬಿಡುತ್ತಾ ಹೋಗುವ ಮಾನಸಿಕ ಕಾಯಿಲೆ, ಅನಿಸುತ್ತಿದೆ. ಎದುರಿಗೆ ಕೂರಿಸಿಕೊಂಡು ನೋಡದೆ ಖಚಿತ ಮಾಡಲಾರೆ. ಆದರೆ ಹಟ ಅಂತೂ ಅಲ್ಲ. ಆಹಾರ ಬಿಟ್ಟ ಕ್ರಮ ಗಮನಿಸಿ: ಸಿಹಿ, ಎಣ್ಣೆ, ಅನ್ನ. ಒಂದೊಂದಕ್ಕೂ ಒಪ್ಪುವಂಥ ಕಾರಣ ಇರುತ್ತದೆ, ಮೊಡವೆ, ಗ್ಯಾಸು, ಆರೋಗ್ಯ. ಹಾಗಾಗಿ ಮನೆಯವರಿಗೆ ಒಂದೊಂದಾಗಿ ನೋಡಿದರೆ ತಪ್ಪೇ ಕಾಣುವುದಿಲ್ಲ. ಬಿಟ್ಟದ್ದು ಮತ್ತೆ ತಟ್ಟೆಗೆ ಬಂದಿದೆಯಾ ಎಂದು ಕೇಳಿಕೊಳ್ಳಬೇಕು. ಬರದೇ ಇದ್ದರೆ ಅದೇ ಮೊದಲ ಗುರುತು.

ಅಡುಗೆ ಮಾಡಿ ಬಡಿಸುವುದನ್ನು ಕಂಡು "ಅವಳಿಗೆ ಊಟದ ಮೇಲೆ ಆಸೆ ಇದೆಯಲ್ಲ" ಎಂದು ಎಷ್ಟೋ ತಾಯಂದಿರು ಸಮಾಧಾನ ಪಟ್ಟುಕೊಳ್ಳುತ್ತಾರೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬುವರು 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅಡುಗೆಯ ಗೊಡವೆಯೇ ಇಲ್ಲದಿದ್ದವರು ಅಡುಗೆ ಪುಸ್ತಕ ಓದತೊಡಗಿದರು, ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು, ಜನರಿಂದ ದೂರವಾದರು, ಚಳಿ ಅಂದರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಹುಚ್ಚಿರಲಿಲ್ಲ. ಹಸಿದ ಮೆದುಳು ಹಾಗೆ ಮಾಡಿಸುತ್ತದೆ. ನಿಮ್ಮ ಮಗಳ ಕೇಕು, ಸ್ವೆಟರು, ಸಿಡುಕು, ಇವುಗಳಲ್ಲಿ ಬಹುಪಾಲು ಉಪವಾಸದ ಫಲ.

ಹೊಟ್ಟೆ ತುಂಬಿದೆ ಅನ್ನುವುದೂ ಸುಳ್ಳಲ್ಲ. ತಿನ್ನುವುದು ಕಡಿಮೆಯಾದಾಗ ಜಠರ ಖಾಲಿಯಾಗುವ ವೇಗವೇ ಕುಗ್ಗುತ್ತದೆ, ಮೂರು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ. ಅದು ಸರಿಹೋಗುವುದೂ ತಿನ್ನುವುದರಿಂದಲೇ. ಇನ್ನೊಂದು ಮಾತು, ನಮ್ಮ ಕಡೆಯ ಎಷ್ಟೋ ಮಕ್ಕಳು "ದಪ್ಪ ಆಗ್ತೀನಿ" ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ಆ ಮಾತು ಬರಲಿಲ್ಲ ಎಂದು ಕಾಯಿಲೆ ಅಲ್ಲ ಅನ್ನಬೇಡಿ.

ಜಿಮ್ ತರಬೇತುದಾರ, ಹುಬ್ಬಳ್ಳಿ

ಮೇಡಂ, ಎತ್ತರ 154 ಸೆಂ.ಮೀ. ಅಂದುಕೊಂಡರೆ 40 ಕೆಜಿಗೆ ಬಿಎಂಐ ಸುಮಾರು 16.9 ಬರುತ್ತೆ. 14ರ ಹುಡುಗಿಗೆ ಚಾರ್ಟ್‌ನಲ್ಲಿ ಅದು ನಾರ್ಮಲ್ ಒಳಗೇ ಇದೆ. ಸುಮ್ಮನೆ ಹೆದರಿಸಬೇಡಿ. ಹಸಿವಾದರೆ ತಾನೇ ತಿಂತಾಳೆ, ಬಿಟ್ಟುಬಿಡಿ.

ಮಕ್ಕಳ ಮನೋವೈದ್ಯೆ

ನಿಮ್ಮ ಲೆಕ್ಕ ಸರಿ, ದೊಡ್ಡವರ ಅಳತೆಯನ್ನು ಮಕ್ಕಳಿಗೆ ಹಾಕದೆ ವಯಸ್ಸಿನ ಚಾರ್ಟ್ ನೋಡಿದ್ದೂ ಸರಿ. ಆದರೆ ಒಂದು ದಿನದ ಅಂಕಿಯಿಂದ ಏನೂ ತಿಳಿಯದು, ಅವಳ ಸ್ವಂತ ಗೆರೆ ಎಲ್ಲಿತ್ತು ಎಂದು ನೋಡಬೇಕು. ಬೆಳೆಯುವ ವಯಸ್ಸಿನಲ್ಲಿ ಈ ಹತ್ತು ತಿಂಗಳಲ್ಲಿ ತೂಕ ಏರಬೇಕಿತ್ತು, ಅವಳು ಇದ್ದದ್ದರಲ್ಲೇ ಶೇ. 15ರಷ್ಟು ಕಳೆದುಕೊಂಡಿದ್ದಾಳೆ. ತೂಕ ಇಳಿಯದೆ ಬರೀ ನಿಂತುಹೋದರೂ ಆ ವಯಸ್ಸಿಗೆ ಅದು ನಷ್ಟವೇ. ಮೊದಲು ದಪ್ಪಗಿದ್ದ ಮಗು ಬೇಗನೆ ಇಳಿದಾಗ ನೆಂಟರೆಲ್ಲ "ಚೆನ್ನಾಗಾದೆ" ಅನ್ನುತ್ತಾರೆ. ಚಾರ್ಟ್ ಪ್ರಕಾರ ನಾರ್ಮಲ್ ಇರುವ ಅಂಥ ಮಕ್ಕಳ ನಾಡಿಯೂ 50ಕ್ಕಿಂತ ಕೆಳಗಿರುವುದುಂಟು. ಮತ್ತು ಈ ಕಾಯಿಲೆಯಲ್ಲಿ ಹಸಿವಾದರೂ ತಿನ್ನಲು ಭಯ ಬಿಡುವುದಿಲ್ಲ. ಬಿಟ್ಟು ನೋಡುವಷ್ಟು ಸಮಯ ಇವರ ಹತ್ತಿರ ಇಲ್ಲ.

ಒಬ್ಬ ತಂದೆ, ಧಾರವಾಡ

ಅಕ್ಕಾ, ನಮ್ಮದು ಮಗ. 16 ವರ್ಷ, ಓಟಗಾರ. ಹುಡುಗರಿಗೂ ಬರ್ತದ ಅಂತ ನಮಗ ಗೊತ್ತಿರಲಿಲ್ಲ. ಪ್ರೋಟೀನ್, ಫಿಟ್‌ನೆಸ್ ಅಂತಿದ್ದ, ನಾವೂ ಹೆಮ್ಮೆ ಪಟ್ವಿ. ಕಡೀಕ ನಾಡಿ 42 ಬಂತು, ಅಡ್ಮಿಟ್ ಮಾಡಿದ್ವಿ. ಮನಿಗೆ ಬಂದ ಮ್ಯಾಲೆ ಉಂಡ ಕೂಡ್ಲೆ ಎದ್ದು ಮಾಳಿಗಿ ಮೆಟ್ಲ ಹತ್ತಿ ಇಳೀತಿದ್ದ. ನಿಮ್ಮ ಮಗಳು ಉಂಡ ಮ್ಯಾಲೆ ಎಲ್ಲಿ ಹೋಗ್ತಾಳ, ನೋಡ್ರಿ.

ಪ್ರಶ್ನೆ ಕೇಳಿದ ತಾಯಿ

ಅಣ್ಣಾ, ನೀವು ಹೇಳಿದ ಮೇಲೆ ಹೊಳೀತು. ಉಂಡ ತಕ್ಷಣ ಸ್ನಾನಕ್ಕೆ ಹೋಗ್ತಾಳೆ, ನಲ್ಲಿ ಜೋರಾಗಿ ಬಿಟ್ಟಿರ್ತಾಳೆ. ಡಾಕ್ಟ್ರೇ, ನಾಡಿ 54 ಬಂತು. ನಾಳೆಗೆ ಇಸಿಜಿ. ಇವತ್ತು ರಾತ್ರಿ ಊಟಕ್ಕೆ ಏನು ಮಾಡಲಿ?

ಮಕ್ಕಳ ಮನೋವೈದ್ಯೆ

54 ಅಂದರೆ ಇವತ್ತು ರಾತ್ರಿಯೇ ಓಡಬೇಕಿಲ್ಲ, ಆದರೆ ಗೆರೆಗೆ ಹತ್ತಿರವಿದೆ. ದಿನಾ ಎಣಿಸಿ. ನಲ್ಲಿಯ ವಿಷಯ ನಾಳೆ ವೈದ್ಯರಿಗೆ ಹೇಳಿ, ವಾಂತಿ ಮಾಡಿಕೊಳ್ಳುತ್ತಿದ್ದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು.

ಊಟದ ವಿಷಯದಲ್ಲಿ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಒಂದು ವಿಧಾನ ಇದೆ, ಹದಿಹರೆಯದವರಿಗೆ ಹೆಚ್ಚು ಪರೀಕ್ಷೆಯಾಗಿರುವುದು ಅದೇ. ಅದರ ತಿರುಳು ಇಷ್ಟು: ಸದ್ಯಕ್ಕೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎನ್ನುವುದು ಅಪ್ಪ ಅಮ್ಮನ ತೀರ್ಮಾನ, ಅವಳದ್ದಲ್ಲ. ಜ್ವರ ಬಂದ ಮಗುವಿಗೆ ಮಾತ್ರೆ ಬೇಕಾ ಎಂದು ಕೇಳುತ್ತೀರಾ? ಹಾಗೆಯೇ ಇದು. ತೂಕ ಮರಳಿದ ಮೇಲೆ ಆ ತೀರ್ಮಾನವನ್ನು ಸ್ವಲ್ಪ ಸ್ವಲ್ಪವಾಗಿ ಅವಳ ಕೈಗೆ ವಾಪಸು ಕೊಡುತ್ತೀರಿ.

ನಿಮ್ಮ ಮನೆಗೆ ಅನ್ವಯಿಸಿ ಹೇಳುತ್ತೇನೆ. ಮೊದಲು ನೀವೂ ನಿಮ್ಮ ಯಜಮಾನರೂ ಅವಳಿಲ್ಲದ ಹೊತ್ತಿನಲ್ಲಿ ಕೂತು ತಟ್ಟೆಯಲ್ಲಿ ಏನಿರಬೇಕು ಎಂದು ಒಪ್ಪಿಕೊಳ್ಳಿ. ಅವಳ ಎದುರು ಒಬ್ಬರು "ಎರಡು ತಿನ್ನಲಿ", ಇನ್ನೊಬ್ಬರು "ಒಂದು ಸಾಕು ಬಿಡೇ" ಅಂದರೆ ಕಾಯಿಲೆ ಆ ಸಂದಿಯಲ್ಲಿ ನುಸುಳುತ್ತದೆ. ಅಡುಗೆ ಆಗುವಾಗ ಅವಳು ಅಡುಗೆಮನೆಗೆ ಬರುವುದು ಬೇಡ, ಎಣ್ಣೆ ಎಷ್ಟು ಹಾಕಿದಿರಿ ಎಂಬ ಜಗಳ ಹುಟ್ಟುವುದು ಅಲ್ಲೇ. ತಟ್ಟೆಗೆ ನೀವೇ ಬಡಿಸಿ ತನ್ನಿ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಹೊತ್ತಿಗೆ ಸರಿಯಾಗಿ.

ಇವತ್ತಿನ ಒಂದು ಪುಲ್ಕಾದಿಂದ ನಾಳೆಯೇ ಪೂರ್ತಿ ಊಟಕ್ಕೆ ಹಾರಬೇಡಿ. ದೀರ್ಘ ಕಾಲ ಅರೆಹೊಟ್ಟೆ ಇದ್ದವರಿಗೆ ಒಮ್ಮೆಲೇ ಹೆಚ್ಚು ಕೊಟ್ಟರೆ ರಕ್ತದ ಫಾಸ್ಫರಸ್ ಕುಸಿಯಬಹುದು. ಎಷ್ಟರಿಂದ ಶುರು, ಎಷ್ಟು ಬೇಗ ಏರಿಕೆ ಎನ್ನುವುದನ್ನು ನಾಳೆ ರಿಪೋರ್ಟ್ ನೋಡಿ ವೈದ್ಯರೇ ಹೇಳಲಿ. ಮೊದಲ ದಿನಗಳಲ್ಲಿ ಕಾಲು ಊದಿದರೆ, ಉಸಿರು ಕಟ್ಟಿದರೆ, ಮಾತು ಗೊಂದಲವಾದರೆ ತಕ್ಷಣ ಆಸ್ಪತ್ರೆ. ಅಪಾಯ ಕಳೆದ ಮೇಲೆ ತಲುಪಬೇಕಾದ ಮಟ್ಟ ನಿಮಗೆ ಗೊತ್ತಿರಲಿ: ಬೆಳಿಗ್ಗೆ ಮೂರು ದೋಸೆ, ಚಟ್ನಿ, ಹಾಲು, ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ತುಪ್ಪ ಹಾಕಿದ ಸಾರು, ಗಟ್ಟಿ ಮೊಸರು, ಸಂಜೆ ಶೇಂಗಾ ಚಿಕ್ಕಿಯಂಥದ್ದು. ಇದು ದೊಡ್ಡವರ ಕಣ್ಣಿಗೆ ಜಾಸ್ತಿ ಅನಿಸಿದರೂ ಅವಳು ಸೊರಗಿದ್ದನ್ನು ತುಂಬಿಕೊಂಡು ಬೆಳೆಯಲೂ ಬೇಕಲ್ಲ. ವಾರಕ್ಕೆ ಅರ್ಧ ಕೆಜಿಯಷ್ಟು ಏರಿದರೆ ಸರಿಯಾದ ದಾರಿ.

ಊಟದ ಹೊತ್ತಿನಲ್ಲಿ ಕ್ಯಾಲೊರಿ, ತೂಕ, ಮುಖದ ಕಳೆ, ಯಾವುದೂ ಮಾತಿಗೆ ಬರಬಾರದು. "ತುಂಬಾ ಚೆನ್ನಾಗಿ ತಿಂದೆ" ಎಂಬ ಹೊಗಳಿಕೆ ಕೂಡ ಅವಳ ಕಿವಿಗೆ "ಜಾಸ್ತಿ ತಿಂದೆ" ಎಂದೇ ಬೀಳುತ್ತದೆ. ಅವಳು ಕೈ ನಿಲ್ಲಿಸಿದಾಗ ಮೆತ್ತಗೆ, ಅದೇ ಮಾತು: "ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಿ, ಮುಂದಿನ ತುತ್ತು ತಗೋ, ನಾನು ಇಲ್ಲೇ ಇದ್ದೀನಿ." ವಾದಕ್ಕೆ ಇಳಿಯಬೇಡಿ, ಬಾಯಿಗೆ ತುರುಕಬೇಡಿ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಉಳಿದದ್ದಕ್ಕೆ ಬದಲಾಗಿ ಒಂದು ಲೋಟ ಗಟ್ಟಿ ಹಾಲು ಅಥವಾ ರಾಗಿ ಮಾಲ್ಟ್. ಉಂಡ ಮೇಲೆ ಒಂದು ಗಂಟೆ ಯಾರಾದರೂ ಜೊತೆಗಿರಲಿ, ಸ್ನಾನ ಊಟಕ್ಕೆ ಮುಂಚೆಯೇ ಮುಗಿಯಲಿ. ಇಲ್ಲಿ ನಿಮ್ಮ ಅತ್ತೆಯವರಿಗೆ ಒಳ್ಳೆಯ ಕೆಲಸ ಇದೆ. ತಟ್ಟೆಯ ಎದುರು ಆಣೆ ಹಾಕುವ ಬದಲು ಊಟದ ಮೇಲೆ ಮೊಮ್ಮಗಳ ಜೊತೆ ಚೌಕಾಬಾರ ಆಡಲಿ. ನಿಮ್ಮ ಯಜಮಾನರಿಗೆ ಸಿಟ್ಟು ಬಂದರೆ ಎದ್ದು ಹೊರಗೆ ಹೋಗಿ ಬರಲಿ, ಆದರೆ ವಾಪಸು ಬಂದು ಕೂರಲಿ.

ಮೊದಮೊದಲು ಅವಳು ಕಿರುಚುತ್ತಾಳೆ, "ನಿನ್ನ ಕಂಡರೆ ಆಗಲ್ಲ" ಅನ್ನುತ್ತಾಳೆ. ಆಗ ತಟ್ಟೆ ಚಿಕ್ಕದು ಮಾಡಬೇಡಿ. ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡರೆ ಮಾತ್ರ ಒಬ್ಬಳನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಈ ವಿಧಾನ ಎಲ್ಲ ಮನೆಗೂ ಹೊಂದುವುದಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಬೇರೆ ದಾರಿ ಬೇಕು. ನಿಮಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಅಲ್ಲಿಗೆ ಹೋಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಒಬ್ಬ ತಾಯಿ, ಮಂಡ್ಯ

ನನ್ ಮಗಂಗೆ ನಾಲ್ಕು ವರ್ಷ. ಮೊಬೈಲ್ ಕೊಟ್ರೆ ಮಾತ್ರ ತಿಂತಾನೆ, ತರಕಾರಿ ಉಗೀತಾನೆ. ಅವನಿಗೂ ಹಿಂಗೇ ಒಂದು ಗಂಟೆ ಕೂರಿಸ್ಲಾ?

ಮಕ್ಕಳ ಮನೋವೈದ್ಯೆ

ಬೇಡಮ್ಮ, ಅದು ಬೇರೆ ವಿಷಯ. ಪುಟ್ಟ ಮಕ್ಕಳಿಗೆ ಏನು, ಯಾವಾಗ ಎನ್ನುವುದು ನಿಮ್ಮದು, ಎಷ್ಟು ಎನ್ನುವುದನ್ನು ಅವನ ಹಸಿವಿಗೆ ಬಿಡಿ. ಎತ್ತರ ತೂಕ ಸರಿಯಾಗಿ ಏರುತ್ತಿದೆಯಾ ಎಂದು ಮಕ್ಕಳ ಡಾಕ್ಟರ ಹತ್ತಿರ ನೋಡಿಸಿ, ಮೊಬೈಲನ್ನು ನಿಧಾನಕ್ಕೆ ತಪ್ಪಿಸಿ.

ಒಬ್ಬ ತಂದೆ, ಧಾರವಾಡ

ತೂಕದ ಮಷೀನ್ ಮನಿಯಿಂದ ತಗದು ಹಾಕ್ರಿ. ನಮ್ಮ ಹುಡುಗ ದಿನಕ್ಕ ಹತ್ತು ಸಲ ನಿಂತು ನೋಡ್ತಿದ್ದ. ಈಗ ಆಸ್ಪತ್ರ್ಯಾಗ ಬೆನ್ನು ತಿರುಗಿಸಿ ನಿಲ್ಲಿಸಿ ತೂಗ್ತಾರ, ಅಂಕಿ ನಮಗಷ್ಟ ಹೇಳ್ತಾರ.

ಮಕ್ಕಳ ಮನೋವೈದ್ಯೆ

ಮನೆಯಿಂದ ತೆಗೆಯುವುದಕ್ಕೆ ನನ್ನ ಪೂರ್ಣ ಒಪ್ಪಿಗೆ. ಅಂಕಿ ಮುಚ್ಚಿಡುವ ವಿಷಯದಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯ ಇವೆ. ನಾನು ವಾರಕ್ಕೊಮ್ಮೆ ಮಗುವಿಗೂ ತೋರಿಸುತ್ತೇನೆ, ಅಂಕಿ ಕಂಡಾಗ ಹುಟ್ಟುವ ಭಯವನ್ನು ಅಲ್ಲೇ ಕೂತು ಮಾತಾಡಬಹುದು ಎಂದು. ನಿಮ್ಮ ವೈದ್ಯರ ರೀತಿ ನಿಮ್ಮ ಮಗನಿಗೆ ಹೊಂದಿದ್ದರೆ ಬದಲಿಸಬೇಡಿ.

ಪ್ರಶ್ನೆ ಕೇಳಿದ ತಾಯಿ

ಇನ್ನೊಂದು ಡಾಕ್ಟ್ರೇ. ಅವಳಾಗೇ ಶನಿವಾರ ಉಪವಾಸ ಶುರು ಮಾಡಿದ್ದಾಳೆ. ವ್ರತ ಬಿಡಿಸಿದರೆ ಒಳ್ಳೇದಾಗಲ್ಲ ಅಂತ ಅತ್ತೆ ಹೇಳ್ತಾರೆ. ಮತ್ತೆ ಜೂನ್‌ಗೆ ಶಾಲೆ ಶುರುವಾದರೆ ಮಧ್ಯಾಹ್ನದ ಡಬ್ಬಿ ಯಾರು ನೋಡೋದು?

ಮಕ್ಕಳ ಮನೋವೈದ್ಯೆ

ಮನೆಯಲ್ಲಿ ಬೇರೆ ಯಾರೂ ಹಿಡಿಯದ ವ್ರತವನ್ನು ಅವಳು ತೂಕ ಇಳಿಯತೊಡಗಿದ ಮೇಲೆ ಹಿಡಿದಿದ್ದರೆ ಅದನ್ನೂ ಲಕ್ಷಣ ಎಂದೇ ತಿಳಿಯಿರಿ. ತೂಕ ಮರಳುವವರೆಗೆ ಉಪವಾಸ ಬೇಡ. ಶನಿವಾರ ದೇವಸ್ಥಾನಕ್ಕೆ ಹೋಗಲಿ, ದೀಪ ಹಚ್ಚಲಿ, ಊಟ ಮಾಡಿಯೇ ಹೋಗಲಿ. ಡಬ್ಬಿಯ ವಿಷಯಕ್ಕೆ, ಸಾಧ್ಯವಾದರೆ ನೀವೇ ಮಧ್ಯಾಹ್ನ ಶಾಲೆಗೆ ಹೋಗಿ ಒಟ್ಟಿಗೆ ಕೂರಿ, ಇಲ್ಲವೇ ಒಬ್ಬ ಟೀಚರಿಗೆ ವಿಷಯ ತಿಳಿಸಿ. ಎರಡೂ ಆಗದಿದ್ದರೆ ಶಾಲೆ ಕೆಲವು ವಾರ ತಡವಾಗಲಿ. ಪಿಟಿ, ಓಟ ಸದ್ಯಕ್ಕೆ ಪೂರ್ತಿ ನಿಲ್ಲಬೇಕು.

ಇನ್ನೊಬ್ಬ ಸದಸ್ಯೆ, ಉಡುಪಿ

ವ್ರತ ನಿಲ್ಲಿಸಿ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಆ ವಯಸ್ಸಿನಲ್ಲಿ ನಾವೂ ಏಕಾದಶಿ ಮಾಡುತ್ತಿದ್ದೆವು, ನಮಗೇನೂ ಆಗಲಿಲ್ಲ.

ಪ್ರಶ್ನೆ ಕೇಳಿದ ತಾಯಿ

ನೀವು ಮಾರನೇ ದಿನ ದ್ವಾದಶಿ ಊಟ ಮಾಡ್ತಿದ್ರಿ ಅಲ್ವಾ ಅಕ್ಕ? ಇವಳು ಭಾನುವಾರವೂ ಮಾಡಲ್ಲ.