ಪದಚರ್ಚೆ: ಮೊದಲೇ ಬಂದ ವರ್ಷದ ಚಂದಾದಲ್ಲಿ ಇನ್ನೂ ಆದಾಯವಾಗದ ಭಾಗಕ್ಕೆ ಏನೆನ್ನಬೇಕು?

ಅನುವಾದಕಿ, ಬೆಳಗಾವಿ

ಮಾನ್ಯರೇ,

ಇಲ್ಲಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ವಾರ್ಷಿಕ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪತ್ತಿನ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರನ್ನು ವರ್ಷದ ಚಂದಾ ಮೇಲೆ ಕೊಡುವುದು ಅವರ ವ್ಯವಹಾರ. ನಾಳೆ ಬೆಳಿಗ್ಗೆ ವರದಿ ಮುದ್ರಣಕ್ಕೆ ಹೋಗಬೇಕಾಗಿದೆ. ಅಢಾವೆ ಪತ್ರಿಕೆಯಲ್ಲಿ, ಜವಾಬ್ದಾರಿಗಳ ಬದಿಗೆ, ‘ಡಿಫರ್ಡ್ ರೆವೆನ್ಯೂ’ ಎಂಬ ಒಂದು ಸಾಲಿದೆ. ಅದಕ್ಕೆ ಕನ್ನಡದಲ್ಲಿ ಏನು ಬರೆಯಬೇಕೆಂದು ಇಂದು ಸಂಜೆಯೊಳಗೆ ತಿಳಿಯಬೇಕು.

ಅದರೊಳಗೆ ಏನಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಸಂಘವು 2025ರ ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಚಂದಾ 1,20,000 ರೂಪಾಯಿಯನ್ನು, ಅದರ ಮೇಲಿನ ಶೇ. 18ರ ಜಿಎಸ್‌ಟಿ 21,600 ರೂಪಾಯಿಯೊಂದಿಗೆ, ಮೊದಲ ದಿನವೇ ಕಟ್ಟಿದೆ. ಮಾರ್ಚ್ 31ರಂದು ಕಂಪನಿಯು ಮೂರು ತಿಂಗಳ 30,000 ರೂಪಾಯಿಯನ್ನು ಮಾತ್ರ ತನ್ನ ಆದಾಯವೆಂದು ತೋರಿಸಿ, ಉಳಿದ 90,000 ರೂಪಾಯಿಯನ್ನು ಈ ಸಾಲಿನಲ್ಲಿ ಇಟ್ಟಿದೆ. ಕಂಪನಿಯವರ ಕರಡಿನಲ್ಲಿ ಇದಕ್ಕೆ ‘ಮುಂದೂಡಿದ ಆದಾಯ’ ಎಂದಿತ್ತು. ಅದನ್ನು ಓದಿದ ಹಿರಿಯ ಷೇರುದಾರರೊಬ್ಬರು, ‘ಹಾಗಾದರೆ ಈ ಹಣ ನಮ್ಮ ಕೈಗೆ ಇನ್ನೂ ಬಂದಿಲ್ಲವೇ?’ ಎಂದು ಕೇಳಿದರಂತೆ. ಆ ಅರ್ಥ ಬರುವ ಪದ ಬೇಡ. ಜೊತೆಗೆ, ತಿಂಗಳು ತಿಂಗಳಿಗೆ ಆದಾಯವೆಂದು ತೆಗೆದುಕೊಳ್ಳುವ ಕ್ರಿಯೆಗೂ ಒಂದು ಕ್ರಿಯಾಪದ ಬೇಕು. ‘ಆದಾಯವನ್ನು ಗುರುತಿಸಲಾಯಿತು’ ಎಂಬುದು ನನ್ನ ಕಿವಿಗೆ ಒಗ್ಗುತ್ತಿಲ್ಲ.

ವಾಣಿಜ್ಯ ಉಪನ್ಯಾಸಕ, ವಿಜಯಪುರ

‘ಮುಂಗಡ’ ಎಂಬ ಪದವಿರುವಾಗ ಇಷ್ಟೊಂದು ಹುಡುಕಾಟ ಏಕೆ ಎಂಬುದು ನನಗೆ ತಿಳಿಯುತ್ತಿಲ್ಲ. ಈ ಪದದೊಳಗೆ ಜವಾಬ್ದಾರಿಯ ಅರ್ಥ ಆಗಲೇ ಇದೆ. ‘ಕಡ’ ಎಂದರೆ ಸಾಲ. ನಮ್ಮ ಕಡೆ ಇಂದಿಗೂ ಕಡ ಕೊಡುವುದು, ಕಡ ತರುವುದು ಎನ್ನುತ್ತಾರೆ. ಮುಂದಾಗಿ ಪಡೆದ ಕಡವೇ ಮುಂಗಡ. ಹಣ ಪಡೆದ ಕಂಪನಿ ಸೇವೆಯ ಸಾಲಗಾರನಾಗಿರುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪದ ಇನ್ನೊಂದಿಲ್ಲ.

ಲೆಕ್ಕವೂ ಸರಳವಾದುದೇ. ಬಂದದ್ದು 1,41,600 ರೂಪಾಯಿ, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 11,800. ಮಾರ್ಚ್ ಕೊನೆಗೆ ಉಳಿಯಬೇಕಾದ ಮುಂಗಡ 1,06,200. ನೀವು ಕೊಟ್ಟ 90,000ವನ್ನು ಇನ್ನೊಮ್ಮೆ ಪರಿಶೀಲಿಸಿರಿ.

ಲೆಕ್ಕಪರಿಶೋಧಕ, ಬಾಗಲಕೋಟೆ

90,000 ಸರಿಯಾಗಿದೆ. ಜಿಎಸ್‌ಟಿ ಕಂಪನಿಯ ಹಣವಲ್ಲ. ಸರ್ಕಾರದ ಪರವಾಗಿ ಅದು ವಸೂಲು ಮಾಡಿದ್ದು. ಬಿಲ್ಲು ಜನವರಿಯಲ್ಲಿ ಆಗಿ ಹಣವೂ ಜನವರಿಯಲ್ಲಿ ಬಂದ ಮೇಲೆ ಇಡೀ 21,600ವನ್ನು ಜನವರಿಯ ರಿಟರ್ನಿನಲ್ಲಿ ತೋರಿಸಬೇಕು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಅದರ ಗಡುವು ಫೆಬ್ರುವರಿ 20. ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚುತ್ತೇವೆಂದು ತೆರಿಗೆಯನ್ನೂ ಹನ್ನೆರಡು ಕಂತುಗಳಲ್ಲಿ ಕಟ್ಟಲು ಬರುವುದಿಲ್ಲ. ತೆರಿಗೆಯನ್ನೂ ಸೇರಿಸಿ ಹನ್ನೆರಡರಿಂದ ಭಾಗಿಸಿದರೆ, ಕಂಪನಿಯ ಆದಾಯ ತಿಂಗಳಿಗೆ 1,800ರಷ್ಟು ಸುಳ್ಳಾಗಿ ಉಬ್ಬುತ್ತದೆ.

ಇನ್ನು ಪದದ ವಿಷಯ. ಬರಿಯ ‘ಮುಂಗಡ’ ಸಾಲದು, ಏಕೆಂದರೆ ಅದೇ ಅಢಾವೆ ಪತ್ರಿಕೆಯ ಎದುರು ಬದಿಯಲ್ಲಿ ಕಂಪನಿಯು ನೌಕರರಿಗೆ ಕೊಟ್ಟ ಮುಂಗಡ, ಕಚೇರಿಯ ಮಾಲೀಕರಿಗೆ ಕೊಟ್ಟ ಮುಂಗಡ ಎಂಬ ಸಾಲುಗಳು ಇರುತ್ತವೆ. ಕೊಟ್ಟದ್ದೋ ಬಂದದ್ದೋ ಎಂಬುದು ಹೆಸರಿನಲ್ಲೇ ತಿಳಿಯಬೇಕು. 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಇತರ ಚಾಲ್ತಿ ಜವಾಬ್ದಾರಿಗಳ ಕೆಳಗೆ, ಈ ಬಾಬತ್ತಿಗೆ ಇಂಗ್ಲಿಷಿನಲ್ಲೂ ‘ಡಿಫರ್ಡ್’ ಎಂಬ ಪದವಿಲ್ಲ. ಮುಂಗಡವಾಗಿ ಬಂದ ಆದಾಯ ಎಂಬರ್ಥದ ಪದಪುಂಜವೇ ಇದೆ. ಅಲ್ಲಿಂದ ಹೊರಟರೆ ದಾರಿ ಸುಲಭವಾದೀತು.

ನಿವೃತ್ತ ಕನ್ನಡ ಅಧ್ಯಾಪಕ, ಬೆಳಗಾವಿ

ವಿಜಯಪುರದವರ ವ್ಯುತ್ಪತ್ತಿ ನಿಲ್ಲುವುದಿಲ್ಲ. ಮುಂಗಡೆ, ಹಿಂಗಡೆ, ಎಡಗಡೆ ಎಂಬ ಪದಗಳಲ್ಲಿರುವ ‘ಕಡೆ’ಯೇ ಇಲ್ಲಿಯೂ ಇರುವುದು. ಮುಂಭಾಗ ಎಂಬುದರಿಂದ ಮುಂಚಿತವಾಗಿ ಎಂಬ ಅರ್ಥ ಬಂದಿದೆ, ಸಾಲದ ಅರ್ಥ ಅದರಲ್ಲಿಲ್ಲ.

ಬಾಗಲಕೋಟೆಯವರ ‘ಮುಂಗಡವಾಗಿ ಬಂದ ಆದಾಯ’ವನ್ನೂ ಒಪ್ಪಲಾರೆ. ‘ಆದಾಯ’ ಎಂಬುದು ‘ಆ’ ಉಪಸರ್ಗ ಸೇರಿದ ‘ದಾ’ ಧಾತುವಿನಿಂದ ಬಂದದ್ದು. ಅದರ ಮೂಲಾರ್ಥವೇ ತೆಗೆದುಕೊಳ್ಳುವುದು. ಕೈಗೆ ಬಂದದ್ದೆಲ್ಲ ಆದಾಯ ಎಂದು ಪದವೇ ಸಾರುತ್ತಿರುವಾಗ, ಬಂದಿದೆ ಆದರೆ ಆದಾಯವಲ್ಲ ಎಂದು ಅದೇ ಪದದಿಂದ ಹೇಳುವುದು ಹೇಗೆ? ಇಲ್ಲಿ ಬೇಕಾದದ್ದು ದುಡಿದು ಸಂಪಾದಿಸುವ ಅರ್ಥ, ಅದು ‘ಗಳಿಸು’ ಎಂಬ ಅಚ್ಚಗನ್ನಡ ಧಾತುವಿನಲ್ಲಿದೆ. ‘ಗಳಿಸಬೇಕಿರುವ ಹಣ’ ಎಂದು ಬರೆಯಿರಿ. ‘ಅನರ್ಜಿತ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದೂ ಬೇಡ. ಪಾರಸಿಯ ಚಂದಾ, ಮರಾಠಿ ದಫ್ತರಗಳಿಂದ ಬಂದ ಅಢಾವೆ, ಅರಬ್ಬಿಯ ಬಾಕಿ, ಇವುಗಳ ನಡುವೆ ಕನ್ನಡಕ್ಕೆ ಒಂದು ಮೂಲೆಯಾದರೂ ಇರಲಿ.

ಪತ್ತಿನ ಸಂಘದ ಕಾರ್ಯದರ್ಶಿ, ಮುಧೋಳ

ಹಿರಿಯರಿಗೆ ನಮಸ್ಕಾರ. ನಮ್ಮ ಸಂಘದಲ್ಲಿಯೂ ಇಂಥದೇ ಚಂದಾ ಕಟ್ಟಿದ್ದೇವೆ. ನಮ್ಮ ಆಡಿಟರು ಇದನ್ನು ಜವಾಬ್ದಾರಿಯ ಬದಿಗೆ ಅಲ್ಲ, ಆಸ್ತಿಯ ಬದಿಗೆ ‘ಮುಂಗಡ ಕೊಟ್ಟ ಖರ್ಚು’ ಎಂದು ಬರೆಸಿದ್ದಾರೆ. ನಮ್ಮದು ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಸಂಘವಾದ್ದರಿಂದ ಕಟ್ಟಿದ ತೆರಿಗೆ ನಮಗೆ ಮರಳಿ ಸಿಗುವುದಿಲ್ಲ. ಅದನ್ನೂ ಸೇರಿಸಿಯೇ ಹನ್ನೆರಡು ತಿಂಗಳಿಗೆ ಹಂಚಿದ್ದಾರೆ. ಆದ್ದರಿಂದ ವಿಜಯಪುರದ ಸರ್ ಹೇಳಿದ ಲೆಕ್ಕವೇ ನಮಗೆ ಸರಿಕಾಣುತ್ತದೆ.

ನನ್ನದೊಂದು ಸಂಶಯವಿದೆ. ಕಟ್ಟಿದ ಚಂದಾ ಯಾವ ಕಾರಣಕ್ಕೂ ಮರಳಿಸುವುದಿಲ್ಲ ಎಂದು ಕರಾರಿನಲ್ಲಿ ಬರೆದಿದ್ದಾರೆ. ಮರಳಿಸುವ ಪ್ರಶ್ನೆಯೇ ಇಲ್ಲದ ಮೇಲೆ ಆ ಹಣ ಕಂಪನಿಗೆ ಜವಾಬ್ದಾರಿ ಹೇಗಾಗುತ್ತದೆ?

ಬೆಳಗಾವಿಯ ಗುರುಗಳಲ್ಲಿ ಒಂದು ಅರಿಕೆ. ಕಿರ್ದಿ, ಖತಾವಣಿ, ಅಢಾವೆ ಪತ್ರಿಕೆ ಎಂದರೆ ನಮ್ಮ ಸರ್ವಸಾಧಾರಣ ಸಭೆಗೆ ಬರುವ ಎಲ್ಲ ಸದಸ್ಯರಿಗೂ ತಿಳಿಯುತ್ತದೆ. ಇವು ಎಲ್ಲಿಂದ ಬಂದವು ಎಂದು ನಮ್ಮಲ್ಲಿ ಯಾರೂ ಕೇಳಿಲ್ಲ. ಇವನ್ನು ತೆಗೆದುಹಾಕಿದರೆ ವರದಿ ಓದುವುದನ್ನೇ ಬಿಡುತ್ತಾರೆ.

ಲೆಕ್ಕಪರಿಶೋಧಕ, ಬಾಗಲಕೋಟೆ

ಕಾರ್ಯದರ್ಶಿಗಳು ಕೊಂಡವರ ಬದಿಯಿಂದ ನೋಡುತ್ತಿದ್ದಾರೆ, ಪ್ರಶ್ನೆ ಮಾರಿದವರ ಬದಿಯದು. ಆದರೂ ಅವರ ಪತ್ರದಿಂದ ಒಂದು ಗೊಂದಲ ತಿಳಿಯಾಯಿತು. 11,800 ಮತ್ತು 1,06,200 ಎಂಬ ಅಂಕಿಗಳು ತೆರಿಗೆ ಮರಳಿ ಸಿಗದ ಸಂಘದ ಪುಸ್ತಕಕ್ಕೆ ಸರಿ. ಅಲ್ಲಿ ತೆರಿಗೆಯೂ ಖರ್ಚೇ. ಕಂಪನಿಯ ಪುಸ್ತಕದಲ್ಲಿ 10,000 ಮತ್ತು 90,000. ಒಂದೇ ವ್ಯವಹಾರವಾದರೂ ಎರಡು ಪುಸ್ತಕಗಳ ಅಂಕಿ ಹೊಂದಲೇಬೇಕೆಂದಿಲ್ಲ.

ಮರಳಿಸದ ಹಣ ಜವಾಬ್ದಾರಿ ಹೇಗೆ ಎಂಬ ಅವರ ಸಂಶಯ ಪದದ ಆಯ್ಕೆಗೂ ಮುಖ್ಯವಾದುದು. ಇಲ್ಲಿ ಕಂಪನಿ ತೀರಿಸಬೇಕಾದದ್ದು ಹಣವನ್ನಲ್ಲ, ಸೇವೆಯನ್ನು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಸರ್ವರ್ ನಡೆಸಬೇಕು, ದೋಷ ತಿದ್ದಬೇಕು, ಸಂಘದವರು ಕರೆ ಮಾಡಿದರೆ ಉತ್ತರಿಸಬೇಕು. ಆ ಒಂಬತ್ತು ತಿಂಗಳ ಕೆಲಸದ ಬೆಲೆ 90,000. ಮರಳಿಸುವುದಿಲ್ಲ ಎಂಬ ಷರತ್ತು ಗ್ರಾಹಕನ ಹಕ್ಕನ್ನು ಮೊಟಕುಗೊಳಿಸೀತೇ ಹೊರತು ಕಂಪನಿಯ ಕೆಲಸವನ್ನು ಮುಗಿಸಿಕೊಡುವುದಿಲ್ಲ. ಆದ್ದರಿಂದ ಸಾಲಿನ ಹೆಸರಿನಲ್ಲಿ ‘ಸೇವೆ’ ಎಂಬ ಪದ ಬಂದರೆ ಓದುವವರಿಗೆ ಜವಾಬ್ದಾರಿಯ ಸ್ವರೂಪ ತಾನಾಗಿ ತಿಳಿಯುತ್ತದೆ.

‘ಗಳಿಸಬೇಕಿರುವ ಹಣ’ ಎಂಬುದನ್ನು ದಯವಿಟ್ಟು ಬಳಸಬೇಡಿರಿ. ಹಣ ಇನ್ನು ಮುಂದೆ ಬರಲಿದೆ ಎಂದೇ ಷೇರುದಾರರು ಓದುತ್ತಾರೆ. ‘ಮುಂದೂಡಿದ’ ಎಂಬುದರಲ್ಲಿದ್ದ ತೊಡಕೇ ಇಲ್ಲಿಯೂ ಇದೆ. ಕೆಲಸ ಮುಗಿದು ಹಣ ಬರಬೇಕಾಗಿರುವ ಬಾಬತ್ತು ಬೇರೆಯೇ ಇದ್ದು, ಅದು ಆಸ್ತಿಯ ಬದಿಗೆ ಬರುತ್ತದೆ. ಇವೆರಡು ಅದಲುಬದಲಾದರೆ ವರದಿಯ ಅರ್ಥವೇ ತಿರುಗುಮುರುಗಾಗುತ್ತದೆ. ‘ಆದಾಯ’ದ ಧಾತ್ವರ್ಥ ಏನೇ ಇರಲಿ, ಲೆಕ್ಕಪತ್ರದಲ್ಲಿ ಅದರ ಅರ್ಥ ನೆಲೆಗೊಂಡಾಗಿದೆ.

ಕ್ರಿಯಾಪದಕ್ಕೆ ನಮ್ಮಲ್ಲಿ ‘ಆದಾಯಕ್ಕೆ ಹಿಡಿಯುವುದು’ ಎಂಬ ಮಾತಿದೆ. ‘ಪ್ರತಿ ತಿಂಗಳ ಕೊನೆಗೆ 10,000 ರೂಪಾಯಿಯನ್ನು ಮುಂಗಡ ಚಂದಾ ಖಾತೆಯಿಂದ ತೆಗೆದು ಆದಾಯಕ್ಕೆ ಹಿಡಿಯಲಾಗಿದೆ’ ಎಂದರೆ ಅರ್ಥವಾಗದವರಿಲ್ಲ.

ಅನುವಾದಕ್ಕೆ ಕುಳಿತಿರುವ ತಾಯಿಯವರು ಒಂದು ಅಂಶವನ್ನು ನೋಡಿಕೊಳ್ಳಬೇಕು. ಟಿಪ್ಪಣಿಯಲ್ಲಿ ವರ್ಷಾರಂಭದ ಬಾಕಿ, ವರ್ಷದಲ್ಲಿ ಬಂದ ಚಂದಾ, ಆದಾಯಕ್ಕೆ ಹಿಡಿದ ಮೊತ್ತ, ವರ್ಷಾಂತ್ಯದ ಬಾಕಿ ಎಂಬ ನಾಲ್ಕು ಅಂಕಿಗಳಿದ್ದರೆ, ಮೊದಲ ಎರಡರ ಮೊತ್ತದಲ್ಲಿ ಮೂರನೆಯದನ್ನು ಕಳೆದಾಗ ನಾಲ್ಕನೆಯದು ಬರಬೇಕು. ನಾನು ಕಂಡಿರುವ ಸಾಮಾನ್ಯ ತಪ್ಪೆಂದರೆ, ಜನವರಿಯ ನವೀಕರಣದ ಬಿಲ್ಲನ್ನು ಗುಮಾಸ್ತರು ನೇರವಾಗಿ ಆದಾಯಕ್ಕೆ ಜಮಾ ಮಾಡಿಬಿಡುವುದು. ಆಗ ಜನವರಿಯ ಆದಾಯ ಒಮ್ಮೆಲೇ ಏರಿ, ಫೆಬ್ರುವರಿಯಲ್ಲಿ ಕುಸಿಯುತ್ತದೆ, ಈ ಸಾಲಿನಲ್ಲಿ ಆ ಗ್ರಾಹಕನ ಹೆಸರೇ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ: ಡಿಸೆಂಬರ್ 31ಕ್ಕೆ ಅವಧಿ ಮುಗಿದಿದ್ದರೂ ಆ ಗ್ರಾಹಕನ ಖಾತೆಯಲ್ಲಿ ಏನಾದರೂ ಉಳಿದಿದ್ದರೆ, ಯಾವುದೋ ತಿಂಗಳ ನಮೂದು ಬಿಟ್ಟುಹೋಗಿದೆ ಎಂದೇ ತಿಳಿಯಬೇಕು.

ವಾಣಿಜ್ಯ ಉಪನ್ಯಾಸಕ, ವಿಜಯಪುರ

ಜಿಎಸ್‌ಟಿಯ ಮಾತನ್ನು ಒಪ್ಪಿದೆ. ‘ಮುಂಗಡ’ದ ‘ಕಡ’ ಸಾಲವೇ ಎಂಬ ಮಾತನ್ನು ಬಿಡುವುದಿಲ್ಲ. ‘ಮುಂಗಡೆ’ ಎಂಬುದು ಎಕಾರಾಂತ, ‘ಮುಂಗಡ’ ಅಕಾರಾಂತ. ಈ ವ್ಯತ್ಯಾಸಕ್ಕೆ ಬೆಳಗಾವಿಯವರು ಉತ್ತರ ಕೊಟ್ಟಿಲ್ಲ.

ನಿವೃತ್ತ ಕನ್ನಡ ಅಧ್ಯಾಪಕ, ಬೆಳಗಾವಿ

ಒಂದು ಸ್ವರದ ಮೇಲೆ ವ್ಯುತ್ಪತ್ತಿ ಕಟ್ಟುವವರಿಗೆ ಉತ್ತರ ಕೊಡುವ ಅಗತ್ಯ ಕಾಣುವುದಿಲ್ಲ. ‘ಆದಾಯಕ್ಕೆ ಹಿಡಿಯುವುದು’ ಎಂಬ ಬಳಕೆ ಮಾತ್ರ ಒಳ್ಳೆಯದು, ಅದನ್ನು ಉಳಿಸಿಕೊಳ್ಳಿರಿ. ಜನರಿಗೆ ತಿಳಿಯುತ್ತದೆ ಎಂಬ ಒಂದೇ ನೆವದಿಂದ ಬಂದ ಪದಗಳನ್ನೆಲ್ಲ ಒಳಗೆ ಬಿಟ್ಟುಕೊಂಡರೆ, ಹೊಸ ಪದ ಕಟ್ಟುವ ಶಕ್ತಿ ಎಲ್ಲಿ ಬೆಳೆಯಬೇಕು ಎಂಬುದನ್ನು ಮುಧೋಳದವರು ಯೋಚಿಸಲಿ.

ಅನುವಾದಕಿ, ಬೆಳಗಾವಿ

ಎಲ್ಲರಿಗೂ ವಂದನೆಗಳು. ಅಢಾವೆ ಪತ್ರಿಕೆಯಲ್ಲಿ ‘ಮುಂಗಡ ಬಂದ ಚಂದಾ (ಸೇವೆ ಬಾಕಿ)’ ಎಂದೂ, ಟಿಪ್ಪಣಿಯಲ್ಲಿ ‘ಆದಾಯಕ್ಕೆ ಹಿಡಿಯಲಾಗಿದೆ’ ಎಂದೂ ಬರೆದಿದ್ದೇನೆ. ‘ಚಂದಾ’ ಮತ್ತು ‘ಬಾಕಿ’ಗಳನ್ನು ಗುರುಗಳು ಮನ್ನಿಸಬೇಕು, ಓದುವವರು ಆಡುವ ಮಾತುಗಳು ಇವೇ ಆಗಿವೆ. ನಾಲ್ಕು ಅಂಕಿಗಳನ್ನು ಕೂಡಿ ಕಳೆದು ನೋಡಿದೆ, ಹೊಂದುತ್ತವೆ.

ಇನ್ನೊಂದೇ ಪ್ರಶ್ನೆ. ಒಂದು ಸಂಘವು ಅದೇ ಜನವರಿ 1ರಿಂದ ಮೂರು ವರ್ಷದ ಚಂದಾ 3,60,000 ರೂಪಾಯಿಯನ್ನು, ತೆರಿಗೆ ಬಿಟ್ಟು, ಒಟ್ಟಿಗೆ ಕಟ್ಟಿದೆ. ಇದೇ ಹೆಸರು ವರದಿಯ ಎರಡು ಕಡೆ ಬರುತ್ತಿದೆ. ಇದು ಮುದ್ರಣದೋಷವೇ?

ಲೆಕ್ಕಪರಿಶೋಧಕ, ಬಾಗಲಕೋಟೆ

ದೋಷವಲ್ಲ. ಮಾರ್ಚ್ 31ಕ್ಕೆ ಉಳಿದಿರುವುದು 33 ತಿಂಗಳ 3,30,000. ಅದರಲ್ಲಿ ಮುಂದಿನ ಹನ್ನೆರಡು ತಿಂಗಳ 1,20,000 ಚಾಲ್ತಿ ಜವಾಬ್ದಾರಿಗಳಲ್ಲಿ ಬರಬೇಕು, ಅದರಾಚೆಯ 2,10,000 ದೀರ್ಘಾವಧಿ ಜವಾಬ್ದಾರಿಗಳಲ್ಲಿ ಬರಬೇಕು. ಎರಡೂ ಕಡೆ ಹೆಸರು ಅದೇ ಇರಲಿ. ಎರಡನೆಯದರ ಮುಂದೆ ‘ಹನ್ನೆರಡು ತಿಂಗಳ ನಂತರದ್ದು’ ಎಂದು ಸೇರಿಸಿರಿ.