ಅಪ್‌ಡೇಟ್: 9 ವಾರ ತಡವಾದದ್ದನ್ನು ಮೇಲಿನವರ ಮುಂದೆ ಹೇಳಿ ಬಂದೆ

ನಾನು ಕೇಳಿದ್ದು: "ಪ್ರಾಜೆಕ್ಟ್ ತಡವಾಗಿದೆ. ಯಾರನ್ನೂ ದೂರದೆ, ಏನನ್ನೂ ಮುಚ್ಚಿಡದೆ ಮ್ಯಾನೇಜ್‌ಮೆಂಟಿಗೆ ಹೇಗೆ ಹೇಳುವುದು?"

ನಿನ್ನೆ ನಮ್ಮ ಮಂಗಳೂರು ಆಫೀಸಿನಲ್ಲಿ ಮುಗಿಯಿತು. ಪೀಠಿಕೆಯ ಸ್ಲೈಡ್‌ಗಳನ್ನೆಲ್ಲ ತೆಗೆದು, ಸ್ಕ್ರಿಪ್ಟನ್ನು ಹೀಗೆ ಶುರುಮಾಡಿದೆ: "ಮಾರ್ಚ್ 3ಕ್ಕೆ ಕೊಡಬೇಕಾದದ್ದನ್ನು ಮೇ 5ಕ್ಕೆ ಕೊಟ್ಟೆವು. ಅದರಲ್ಲಿ 6 ವಾರ ಹೋದದ್ದು ಹಳೆಯ ಡೇಟಾ ವರ್ಗಾವಣೆಗೆ, 3 ವಾರ ನಡುವೆ ಸೇರಿಸಿದ ರಿಪೋರ್ಟ್‌ಗಳಿಗೆ."

ಡೇಟಾದ ಕಥೆಯನ್ನು ಬಿಡಿಸಿ ಹೇಳಿದೆ. ನಾವೇ ತಯಾರಿಸಿದ 200 ದಾಖಲೆಗಳಲ್ಲಿ ಟೆಸ್ಟ್ ಮಾಡಿದ್ದೆವು. ನಿಜವಾದ ಡೇಟಾದಲ್ಲಿ ಒಂದೇ ಮನೆಯ ನಾಲ್ಕು ಗ್ರಾಹಕರಿಗೆ ಒಂದೇ ಮೊಬೈಲ್ ನಂಬರ್. ನಮ್ಮ ಕೋಡ್ ನಂಬರ್ ನೋಡಿಯೇ ಗುರುತಿಸುತ್ತಿದ್ದರಿಂದ ನಾಲ್ವರೂ ಒಬ್ಬರಾಗಿಬಿಟ್ಟರು!

"ನಿಮಗೆ ಗೊತ್ತಾದದ್ದು ಯಾವಾಗ?" ಎಂದರು ಎಂ.ಡಿ. "ಜನವರಿಯಲ್ಲಿ ಸರ್. ಸ್ಟೇಟಸ್ ಫೆಬ್ರವರಿ ಕೊನೆಯವರೆಗೂ ಹಸಿರೇ ಇತ್ತು, ಹಾಗೆ ಇಟ್ಟದ್ದು ನಾನೇ." ಗಂಟಲು ಒಣಗಿತ್ತು ಮಾರಾಯ್ರೆ.

"ಸಂವಹನ ಸುಧಾರಿಸುತ್ತೇವೆ" ಎಂಬ ಸಾಲನ್ನು ಹೊಡೆದುಹಾಕಿದ್ದೆ. ಬದಲಿಗೆ ಇಟ್ಟದ್ದು ಎರಡೇ: ಹೆಸರು, ನಂಬರ್ ಮರೆಮಾಡಿದ ಅಸಲಿ ಡೇಟಾದ ಪೂರ್ತಿ ಪ್ರತಿಯನ್ನು ಎರಡನೇ ವಾರದಲ್ಲೇ ಲೋಡ್ ಮಾಡಿ ನೋಡುವುದು, ಒಂದು ಗಡುವು ಎರಡು ಸಲ ಜಾರಿದರೆ, ಯಾರನ್ನೂ ಕೇಳದೆ ಸ್ಟೇಟಸ್ ಕೆಂಪು. ಮೊದಲನೆಯದು ಒಪ್ಪಿಗೆಯಾಯಿತು. ಎರಡನೆಯದಕ್ಕೆ "ನೋಡುವ" ಎಂದಿದ್ದಾರೆ.