ಒಂದೇ ಮಾಡೆಲ್ ಕಾರು, ಅಪ್ಪನಿಗೆ ಒಂದು ಪ್ರೀಮಿಯಂ, ಮಗನಿಗೆ ಇನ್ನೊಂದು

ಪ್ರಜ್ವಲ್: ನನಗೆ 24. ಅಪ್ಪನದೂ ನನ್ನದೂ ಒಂದೇ ಮಾಡೆಲ್ ಕಾರು, ಒಂದೇ ವರ್ಷದ್ದು, ನಿಲ್ಲೋದೂ ಒಂದೇ ಮನೆ ಮುಂದೆ. ಇನ್ಶೂರೆನ್ಸಿಗೆ ಎರಡು ಕಂಪನಿಗಳಲ್ಲಿ ಕೋಟ್ ತೆಗೆಸಿದ್ವಿ. ಅಪ್ಪನಿಗೆ ಅಗ್ಗವಾದ ಕಂಪನಿ ನನಗೆ ದುಬಾರಿ, ನನಗೆ ಅಗ್ಗವಾಗಿದ್ದು ಅವರಿಗೆ ದುಬಾರಿ! ಹೋದ ವರ್ಷ ನನ್ನದೊಂದು ಕ್ಲೇಮ್ ಆಗಿತ್ತು. ಇದ್ಯಾವ ಲೆಕ್ಕ, ಗೊತ್ತಿದ್ದವರು ಹೇಳಿ.

ಗುರುರಾಜ್: ಪ್ರೀಮಿಯಂ ನಿಂತಿರೋದು ಕಾರಿನ ಬೆಲೆ ಮೇಲೆ. ಅಗ್ಗದ ಕೋಟ್ ಕೊಟ್ಟವರು ಗಾಡಿಗೆ ಕಮ್ಮಿ ಬೆಲೆ ಕಟ್ಟಿರ್ತಾರೆ. ಕೋಟಲ್ಲಿ ಆ ಬೆಲೆಯ ಸಾಲು ನೋಡಿ, ಮುಗೀತು.

ಶೈಲಜಾ: ಗುರುರಾಜ್ ಅವರೇ, ಆ ಸಾಲು ನೋಡಲೇಬೇಕು, ಒಪ್ಪಿದೆ. ಕ್ಲೇಮ್ ಆದಾಗ ನಮ್ಮ ಜೇಬಿಂದ ಹೋಗೋ ಮೊದಲ ಪಾಲು ಎರಡು ಕೋಟಲ್ಲೂ ಒಂದೇ ಇದೆಯಾ ಅಂತಲೂ ನೋಡಬೇಕು. ಆದರೆ ಅಪ್ಪ-ಮಗನಿಗೆ ಅಗ್ಗ-ದುಬಾರಿ ತಿರುಗುಮುರುಗಾಗಿದ್ದಕ್ಕೆ ಅದು ಉತ್ತರ ಅಲ್ಲ. ನಾನು ವರ್ಷಗಟ್ಟಲೆ ಇದೇ ದರ ಕಟ್ಟೋ ವಿಭಾಗದಲ್ಲಿ ಇದ್ದವಳು, ಒಳಗೆ ನಡೆಯೋದು ಹೆಚ್ಚುಕಮ್ಮಿ ಹೀಗೆ.

ಪ್ರತಿ ಕಂಪನಿಗೂ ಒಂದು ಮೂಲ ದರ ಇರುತ್ತೆ. ಅದನ್ನ ವಯಸ್ಸು, ಊರು, ಮಾಡೆಲ್, ಕ್ಲೇಮ್ ಇತಿಹಾಸ ಒಂದೊಂದಕ್ಕೂ ಒಂದೊಂದು ಸಂಖ್ಯೆಯಿಂದ ಗುಣಿಸ್ತಾ ಹೋಗ್ತಾರೆ. ಕೂಡಿಸೋದಲ್ಲ, ಗುಣಿಸೋದು. ಲೆಕ್ಕ ಸುಲಭವಾಗಲಿ ಅಂತ ನಾನೇ ಸಂಖ್ಯೆ ಹಾಕ್ತೀನಿ. ಮಾಡೆಲ್ ಇಬ್ಬರದೂ ಒಂದೇ, ಅದನ್ನ ಬಿಡೋಣ.

ಮೊದಲ ಕಂಪನಿಯ ಮೂಲ ದರ 100. ಪ್ರಜ್ವಲ್ ವಯಸ್ಸಿಗೆ 1.5, ಊರಿಗೆ 1.2, ಒಂದು ಕ್ಲೇಮಿಗೆ 1.25. ಗುಣಿಸಿದರೆ 225. ಎರಡನೇ ಕಂಪನಿಯ ಮೂಲ ದರ 120, ವಯಸ್ಸಿಗೆ 1.4, ಊರಿಗೆ 1.1, ಕ್ಲೇಮಿಗೆ 1.5. ಸುಮಾರು 277 ಆಯ್ತು. ಈಗ ಅಪ್ಪ: ಐವತ್ತರ ಆಸುಪಾಸು, ಕ್ಲೇಮೇ ಇಲ್ಲ ಅಂದ್ಕೊಳ್ಳಿ. ಊರಿನ ಸಂಖ್ಯೆ ಎರಡರಲ್ಲೂ ಹಿಂದಿನದೇ. ಮೊದಲನೆಯದು ವಯಸ್ಸಿಗೆ 1, ಕ್ಲೇಮ್ ಇಲ್ಲದ್ದಕ್ಕೆ 0.9 ಹಾಕಿದರೆ 108. ಎರಡನೆಯದು 0.9 ಮತ್ತು 0.8 ಹಾಕಿದರೆ ಸುಮಾರು 95. ಅದೇ ಎರಡು ಕಂಪನಿ, ಅದೇ ಊರು, ಅಗ್ಗ ಯಾರು ಅನ್ನೋದು ಅದಲುಬದಲು.

ಸಂಖ್ಯೆಗಳು ಯಾಕೆ ಬೇರೆ ಅಂದರೆ, ಅವು ಬರೋದು ಆಯಾ ಕಂಪನಿಯ ಹಳೇ ಕ್ಲೇಮುಗಳಿಂದ. ಯುವಕರ ಗಾಡಿಗಳನ್ನ ಹೆಚ್ಚು ವಿಮೆ ಮಾಡಿದವರಿಗೆ ಅವರಲ್ಲಿ ಯಾರು ಹೇಗೆ ಅನ್ನೋ ಅಂದಾಜು ಇರುತ್ತೆ. ಅಂಥ ದಾಖಲೆ ಕಮ್ಮಿ ಇರೋರು ಗೊತ್ತಿಲ್ಲದ್ದಕ್ಕೂ ಸೇರಿಸಿ ದರ ಏರಿಸ್ತಾರೆ. ಇನ್ನು ಕೆಲವರಿಗೆ ಆ ಗಿರಾಕಿಗಳೇ ಬೇಡ. ಬೇಡ ಅಂತ ಬಾಯಲ್ಲಿ ಹೇಳಲ್ಲ, ದರದಲ್ಲಿ ಹೇಳ್ತಾರೆ.

ವೀಣಾ: ವಯಸ್ಸು ಅಂದರೆ ಕಾರಿನ ವಯಸ್ಸಲ್ವಾ? ನನ್ನದು ಒಂಬತ್ತು ವರ್ಷದ್ದು. ಬೆಲೆ ಅರ್ಧಕ್ಕಿಂತ ಕೆಳಗೆ ಬಂದಿದೆ, ಪ್ರೀಮಿಯಂ ಮಾತ್ರ ಅಷ್ಟು ಇಳಿದಿಲ್ಲ.

ಬಸವರಾಜ್: ಅಕ್ಕ, ಗಾಡಿ ಹಳೇದಾದರೂ ಬಾಗಿಲು, ಹೆಡ್‌ಲೈಟ್ ಹೊಸದನ್ನೇ ಹಾಕಬೇಕು. ಪಾರ್ಟ್ಸ್ ರೇಟಾಗಲಿ ಕೂಲಿಯಾಗಲಿ ಇಳಿಯಲ್ಲ. ಮೇಲಾಗಿ ನೀವು ಬೇರೆಯವರಿಗೆ ಗುದ್ದಿದರೆ ಆಗೋ ನಷ್ಟಕ್ಕೂ ನಿಮ್ಮ ಕಾರಿನ ಬೆಲೆಗೂ ಸಂಬಂಧವೇ ಇಲ್ಲ. ನಾನು ಬಾಡಿ ಶಾಪಿನವನು. ಮಾಡೆಲ್ ವಿಷಯದಲ್ಲೂ ಜನ ಕಾರಿನ ಬೆಲೆಯನ್ನೇ ನೋಡ್ತಾರೆ. ಈಗ ಬಂಪರ್ ಒಳಗೇ ಸೆನ್ಸರ್, ಗಾಜಿನ ಹಿಂದೆ ಕ್ಯಾಮೆರಾ. ಮೊದಲು ಗಾಜು ಹಾಕಿ ಕಳಿಸ್ತಿದ್ವಿ, ಈಗ ಕ್ಯಾಮೆರಾನ ಮತ್ತೆ ಅಳತೆಗೆ ಕೂರಿಸಬೇಕು. ಬೆಲೆ ಒಂದೇ ಇರೋ ಎರಡು ಕಾರಿಗೆ ಅದೇ ಪೆಟ್ಟು ಬಿದ್ದರೂ ರಿಪೇರಿ ಬಿಲ್ಲು ಅಜಗಜಾಂತರ.

ಗುರುರಾಜ್: ಹಾಗಿದ್ರೆ ಊರು? ನಾನು ವಾರವೆಲ್ಲ ದೊಡ್ಡ ಊರಲ್ಲೇ ಓಡಿಸ್ತೀನಿ, ಪಾಲಿಸಿಯಲ್ಲಿ ಹಳ್ಳಿ ವಿಳಾಸ. ಪ್ರೀಮಿಯಂ ಕಮ್ಮಿ ಬಂದಿದೆ.

ಶೈಲಜಾ: ಅದನ್ನ ಈಗಲೇ ಸರಿಮಾಡಿಸಿ. ಎಷ್ಟೋ ಕಡೆ ಮುಖ್ಯವಾಗೋದು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ ಅನ್ನೋದು. ಕಳ್ಳತನ, ದಟ್ಟಣೆ, ಅಲ್ಲಿನ ರಿಪೇರಿ ಖರ್ಚು ಎಲ್ಲ ಅದರಲ್ಲೇ ಅಡಗಿರುತ್ತೆ. ವಿಳಾಸ ಸುಳ್ಳು ಅಂತ ಗೊತ್ತಾಗೋದು ಕ್ಲೇಮ್ ದಿನ. ಹಣ ಕಡಿತ ಮಾಡಬಹುದು, ಕೊಡದೇ ಇರಲೂಬಹುದು.

ಪ್ರಜ್ವಲ್: ಮೇಡಂ, ನನ್ನ ಕ್ಲೇಮ್ ತೀರಾ ಚಿಕ್ಕದು, ಬಾಗಿಲ ಗೀರು. ಅದಕ್ಕೂ ಇಷ್ಟು ಏಟಾ?

ಶೈಲಜಾ: ಎಷ್ಟು ಹಣ ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದು ಮುಂದಿನ ಕ್ಲೇಮನ್ನ ಚೆನ್ನಾಗಿ ಸೂಚಿಸುತ್ತೆ. ಹಾಗಾಗಿ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕವು ಕೆಟ್ಟದಾಗಿ ಕಾಣೋದುಂಟು. ಎಷ್ಟು ವರ್ಷ ಹಿಂದೆ ನೋಡ್ತಾರೆ ಅನ್ನೋದೂ ಎಲ್ಲರದೂ ಒಂದೇ ಅಲ್ಲ. ಅದಕ್ಕೇ ಕೋಟ್ ಕೇಳುವಾಗ ಕ್ಲೇಮ್ ಆದ ತಾರೀಖು ಸರಿಯಾಗಿ ಕೊಡಿ. ಕೆಲವೇ ತಿಂಗಳಲ್ಲಿ ಅದು ಒಬ್ಬರ ಲೆಕ್ಕದಿಂದ ಬಿದ್ದುಹೋಗಬಹುದು, ಇನ್ನೊಬ್ಬರಲ್ಲಿ ಉಳಿದಿರಬಹುದು.

ಬಸವರಾಜ್: ನನ್ನ ಹತ್ರ ಗೀರಿಗೆ ಬಂದವರಿಗೆ ಕ್ಲೇಮ್ ಬೇಡ, ಕೈಯಿಂದಲೇ ಕೊಡಿ ಅಂತೀನಿ.

ವೀಣಾ: ನಾನಂತೂ ಒಪ್ಪಲ್ಲ. ವರ್ಷವರ್ಷ ದುಡ್ಡು ಕಟ್ಟಿ, ಬೇಕಾದಾಗ ಕೇಳೋಕೂ ಹೆದರೋದಾದರೆ ಇನ್ಶೂರೆನ್ಸ್ ಯಾಕೆ?

ಬಸವರಾಜ್: ಬಿಲ್ಲು ಒಂದು ಕಡೆ ಇಡಿ. ಹೋಗೋ ನೋ ಕ್ಲೇಮ್ ಬೋನಸ್ಸಿಗೆ ನೀವೇ ಕೊಡಬೇಕಾದ ಮೊದಲ ಪಾಲು ಸೇರಿಸಿ ಇನ್ನೊಂದು ಕಡೆ ಇಡಿ ಅಕ್ಕ. ಬೋನಸ್ಸು ಹೋಗೋದು ಒಂದೇ ವರ್ಷದ ಮಟ್ಟಿಗಲ್ಲ, ಮೊದಲಿನ ಮಟ್ಟಕ್ಕೆ ಹತ್ತೋಕೆ ಸಮಯ ಬೇಕು. ಬಿಲ್ಲು ಅದಕ್ಕಿಂತ ಜಾಸ್ತಿಯಾದರೆ ಕ್ಲೇಮ್ ಮಾಡಿ, ನಾನೇ ಫೋಟೋ ತೆಗೆದುಕೊಡ್ತೀನಿ.